ಆಸ್ಪತ್ರೆಯ ವರ್ಗಾವಣೆ ಪತ್ರದಲ್ಲಿ 'ಸ್ಟೇಬಲ್' ಅಂದ್ರೆ ಏನು?

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ನಮ್ಮ ಚಿಕ್ಕಪ್ಪನಿಗೆ ಹೊಲದಲ್ಲಿ ಹಾವು ಕಚ್ಚಿತು. ಚಿತ್ರದುರ್ಗ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಹಾವಿನ ಇಂಜೆಕ್ಷನ್ ಕೊಟ್ಟು, ದಾವಣಗೆರೆಗೆ ಬರೆದುಕೊಟ್ಟರು. ಇಂಗ್ಲಿಷ್ ಚೀಟಿ. ಕೊನೇ ಸಾಲಿನಲ್ಲಿ 'ಸ್ಟೇಬಲ್' ಅಂತ ಇತ್ತು. ನಾನು ಅದನ್ನು ಓದಿ ಚಿಕ್ಕಮ್ಮನಿಗೆ 'ಪರವಾಗಿಲ್ಲವಂತೆ, ಹೆದರಬೇಡಿ' ಅಂದೆ. ಆಂಬುಲೆನ್ಸ್ ಭರಮಸಾಗರ ದಾಟುವಷ್ಟರಲ್ಲಿ ಚಿಕ್ಕಪ್ಪನಿಗೆ ಉಸಿರು ಎಳೆಯೋಕೇ ಆಗಲಿಲ್ಲ, ಅಲ್ಲಿಂದ ದಾವಣಗೆರೆ ತನಕ ಆಂಬುಲೆನ್ಸಿನವರು ಮುಖಕ್ಕೆ ಮಾಸ್ಕ್ ಹಿಡಿದು ಚೀಲ ಒತ್ತುತ್ತಲೇ ಬಂದರು. ನಾಲ್ಕು ದಿನ ವೆಂಟಿಲೇಟರ್. ಈಗ ಮನೆಯಲ್ಲಿದ್ದಾರೆ. ಆದರೆ ನಾನು ಹೇಳಿದ ಮಾತು ಇನ್ನೂ ಕೊರೆಯುತ್ತಿದೆ. ಆ ಪದಕ್ಕೆ ಕನ್ನಡದಲ್ಲಿ ಏನು ಹೇಳಬೇಕಿತ್ತು?

ಚಿತ್ರದುರ್ಗದ ನಿವೃತ್ತ ಮೇಷ್ಟ್ರು: 'ಸ್ಥಿರ' ಸಾಕು. 'ಆರೋಗ್ಯ ಸ್ಥಿರವಾಗಿದೆ' ಅಂತ ಪತ್ರಿಕೆಗಳಲ್ಲಿ ದಿನಾ ಓದುತ್ತೇವೆ. ಏರಿಳಿತ ಇಲ್ಲ ಅಂತ ಅರ್ಥ. ಅಂದರೆ ಅಪಾಯ ದಾಟಿದೆ ಅಂತಲೇ ಅಲ್ವಾ.

ಹರಿಹರದ ಗೃಹಿಣಿ: ನಮ್ಮ ಅತ್ತಿಗೆ ನರ್ಸ್. ಹಿರಿಯೂರಿಗೆ ವರ್ಗಾವಣೆ ಆದಾಗ ಪತ್ರ ಕೈಗೆ ಸಿಗೋಕೆ ತಿಂಗಳಾಯ್ತು. ನೀವು ಕೇಳ್ತಿರೋದು ಅದೇ ಪತ್ರನಾ?

ದಾವಣಗೆರೆಯ ಸ್ಟಾಫ್ ನರ್ಸ್: ಅದಲ್ಲಕ್ಕ, ಇದು ರೆಫರ್ ಚೀಟಿ. ಮೇಷ್ಟ್ರೇ, 'ಏರಿಳಿತ ಇಲ್ಲ' ಅನ್ನೋದು ಸರಿ, 'ಅಪಾಯ ದಾಟಿದೆ' ಅನ್ನೋದು ತಪ್ಪು. ಚೀಟಿ ಬರೆಯೋ ಹೊತ್ತಿಗೆ ಬಿಪಿ, ನಾಡಿ, ಆಕ್ಸಿಜನ್ ಏರುಪೇರಿಲ್ಲದೆ ಇವೆ ಅಂತ ಅಷ್ಟೇ ಅದರ ಅರ್ಥ. ನಾಗರಹಾವು, ಕಟ್ಟುಹಾವಿನ ವಿಷ ನರಕ್ಕೆ ಬಡಿಯುತ್ತೆ. ಬಿಪಿ ಚೆನ್ನಾಗೇ ಇರುತ್ತೆ, ಆದರೆ ಉಸಿರೆಳೆಯೋ ಸ್ನಾಯು ಒಳಗೊಳಗೇ ಸೋಲ್ತಾ ಇರುತ್ತೆ. ಮೊದಲು ರೆಪ್ಪೆ ಜೋತು ಬೀಳುತ್ತೆ, ಆಮೇಲೆ ದಿಂಬಿನಿಂದ ತಲೆ ಎತ್ತೋಕಾಗಲ್ಲ, ಎಂಜಲು ನುಂಗೋಕಾಗಲ್ಲ. ನಾವು ಒಂದೇ ಉಸಿರಿಗೆ ಒಂದು, ಎರಡು ಅಂತ ಎಣಿಸೋಕೆ ಹೇಳ್ತೀವಿ. ಮೊದಲು 25ರ ತನಕ ಹೋದವರು ಅರ್ಧ ಗಂಟೆ ಬಿಟ್ಟು 12ಕ್ಕೇ ನಿಂತರೆ, ಬಿಪಿ ಎಷ್ಟೇ ಚೆನ್ನಾಗಿರಲಿ, ಅವರು ಸ್ಟೇಬಲ್ ಅಲ್ಲ. ಅಂಥವರಿಗೆ ಗಂಟಲಿಗೆ ಟ್ಯೂಬ್ ಹಾಕಿಯೇ ಗಾಡಿ ಹತ್ತಿಸಬೇಕು. ಚೀಟಿಯಲ್ಲಿ ನಾನು ಹುಡುಕೋದು ಆ ಪದವನ್ನಲ್ಲ. ಎಷ್ಟು ಗಂಟೆಗೆ ಕಚ್ಚಿತು, ಎಷ್ಟು ವಯಲ್ ಎಷ್ಟು ಗಂಟೆಗೆ ಹೋಯ್ತು, ರೆಪ್ಪೆ ಯಾವಾಗಿಂದ ಬಿತ್ತು, ಇವು ಬೇಕು. ಮನೆಯವರಿಗೆ ನಾನಂತೂ 'ಸದ್ಯಕ್ಕೆ ತಡೆದುಕೊಂಡಿದ್ದಾರೆ, ದಾರೀಲಿ ಏನು ಬೇಕಾದ್ರೂ ಆಗಬಹುದು' ಅಂತ ಹೇಳ್ತೀನಿ.

ಮೇಷ್ಟ್ರು: ಒಪ್ಪಿದೆ, ತಿದ್ದಿಕೊಂಡೆ. ಆದರೆ ಬಾಯಲ್ಲಿ ಸರಿಹೋಗೋ 'ತಡೆದುಕೊಂಡಿದ್ದಾರೆ' ಚೀಟಿಗೆ ಬಂದರೆ, ನೋವು ಸಹಿಸಿಕೊಂಡಿದ್ದಾರೆ ಅಂತ ಓದೋರೂ ಇರ್ತಾರೆ. 'ಸದ್ಯಕ್ಕೆ ಸ್ಥಿರ' ಅಂತ ಬರೆದು ಪಕ್ಕದಲ್ಲೇ ಗಂಟೆ ನಮೂದಿಸಿದರೆ?

ನರ್ಸ್: ಗಂಟೆ ಬೇಕೇ ಬೇಕು. 'ಸ್ಥಿರ' ಮಾತ್ರ ನನಗೆ ಇನ್ನೂ ಹಿಡಿಸ್ತಿಲ್ಲ. ಆ ಮಾತು ಕೇಳಿದ ತಕ್ಷಣ ಮನೆಯವರು ಊಟಕ್ಕೆ ಹೋಗಿಬಿಡ್ತಾರೆ.

ಇಬ್ಬರಿಗೂ ಧನ್ಯವಾದ. ಈಗಷ್ಟೇ ಚೀಟಿ ತೆಗೆದು ಮತ್ತೆ ಓದಿದೆ. ಹತ್ತು ವಯಲ್ ಅಂತಿದೆ, ಗಂಟೆ ಇಲ್ಲ. ಬಿಪಿ 130/80 ಅಂತಿದೆ, ರೆಪ್ಪೆಯ ಮಾತೇ ಇಲ್ಲ. ಗಾಡಿ ಹತ್ತುವಾಗಲೇ ಚಿಕ್ಕಪ್ಪ 'ಕಣ್ಣು ಎಳೀತಿದೆ, ನಿದ್ದೆ ಬರ್ತಿದೆ' ಅಂದಿದ್ದರು. ರಾತ್ರಿಯೆಲ್ಲಾ ನಿದ್ದೆ ಇಲ್ಲವಲ್ಲ, ಮಲಗಲಿ ಅಂತ ನಾವು ಸುಮ್ನಾದೆವು.