400 × 3 = 1,197.60 ಹೇಗಾಯಿತು?

ಪ್ರಶ್ನೆ (ಹಾಸನ): ನಾವು ಸಣ್ಣ ಕ್ಲೌಡ್ ಸೇವೆ ನಡೆಸುತ್ತೇವೆ. ಚಿಕ್ಕಮಗಳೂರಿನ ಕಾಫಿ ವ್ಯಾಪಾರಿಯೊಬ್ಬರಿಗೆ ಕಳುಹಿಸಿದ ಜೂನ್ ಬಿಲ್ಲಿನಲ್ಲಿ "ಸ್ಟೋರೇಜ್ ಸರಾಸರಿ 400 ಜಿಬಿ, ದರ ₹3, ಮೊತ್ತ ₹1,197.60" ಎಂದಿದೆ. "ಗುಣಿಸಿದರೆ 1,200 ಬರುತ್ತದಲ್ಲ?" ಎಂದು ಕೇಳುತ್ತಿದ್ದಾರೆ. ಏನು ಹೇಳಲಿ?

ಬಿಲ್ಲಿಂಗ್ ಎಂಜಿನಿಯರ್: ಅವರು ಹೇಳುವುದೇ ಸರಿ. ಅವರು ಎಷ್ಟು ದಿನ ಎಷ್ಟು ಜಿಬಿ ಇಟ್ಟಿದ್ದರು? ಪ್ರತಿ ಗಂಟೆಯ ದಾಖಲೆಗೂ ಆಗಲೇ ಬೆಲೆ ಕಟ್ಟುತ್ತೀರಾ?

ಪ್ರಶ್ನೆ ಕೇಳಿದವರು: ಹೌದು, ಗಂಟೆಗೊಮ್ಮೆ. ಮೊದಲ 10 ದಿನ 200 ಜಿಬಿ, ಉಳಿದ 20 ದಿನ 500 ಜಿಬಿ.

ಬಿಲ್ಲಿಂಗ್ ಎಂಜಿನಿಯರ್: ಹಾಗಾದರೆ ವ್ಯತ್ಯಾಸದ ಮೂಲ ಸಿಕ್ಕಿತು. ಜಿಬಿಗೆ ತಿಂಗಳಿಗೆ ₹3 ದರವನ್ನು ಜೂನಿನ 720 ಗಂಟೆಗಳಿಗೆ ಹಂಚಿದರೆ 200 ಜಿಬಿಗೆ ಗಂಟೆಗೆ 0.8333 ರೂಪಾಯಿ, ನೀವು 0.83ಕ್ಕೆ ಇಳಿಸಿದ್ದೀರಿ. 500 ಜಿಬಿಯ 2.0833 ರೂಪಾಯಿ 2.08 ಆಗಿದೆ. 240 ಗಂಟೆಗೆ 199.20, 480 ಗಂಟೆಗೆ 998.40, ಕೂಡಿದರೆ ನಿಮ್ಮ 1,197.60. ದಾಖಲೆಯ ಮಟ್ಟದಲ್ಲಿ ಪೈಸೆ ಕತ್ತರಿಸಬೇಡಿ. ಬಳಕೆಯನ್ನು ಪೂರ್ತಿ ಕೂಡಿಸಿ, ಬಿಲ್ಲಿನ ಸಾಲಿಗೆ ಒಮ್ಮೆ ಮಾತ್ರ ಪೈಸೆಗೆ ಸರಿಹೊಂದಿಸಿ:

```
ROUND(SUM(gb_hours) * 3.0 / 720, 2)
```

ಸರಾಸರಿ 400 ಎಂಬ ಅಂಕಿಯನ್ನೂ ಬಿಡಿ. ಅವರು ಯಾವ ದಿನವೂ 400 ಜಿಬಿ ಇಟ್ಟಿರಲಿಲ್ಲ. "ಜೂನ್ 1–10: 200 ಜಿಬಿ, ₹200", "ಜೂನ್ 11–30: 500 ಜಿಬಿ, ₹1,000" ಎಂದು ಎರಡು ಸಾಲು ಬರೆದರೆ, 11ರಂದು ಏನು ಸೇರಿಸಿದೆವೆಂದು ಅವರಿಗೇ ನೆನಪಾಗುತ್ತದೆ.

ತೆರಿಗೆ ಸಲಹೆಗಾರರು: ಜಿಎಸ್‌ಟಿ ಕಾಯ್ದೆಯ 170ನೇ ಕಲಂ ಪ್ರಕಾರ ಪೂರ್ಣ ರೂಪಾಯಿಗೆ ತರಬಹುದಲ್ಲ? ಎಲ್ಲಾ ಸಾಲುಗಳನ್ನೂ ಹಾಗೇ ಮಾಡಿ.

ಬಿಲ್ಲಿಂಗ್ ಎಂಜಿನಿಯರ್: ಅದು ತೆರಿಗೆ, ಬಡ್ಡಿ, ದಂಡದಂತಹ ಮೊತ್ತಗಳಿಗೆ ಸರ್. ಬಳಕೆಯ ಸಾಲಿಗೆ ಹಚ್ಚಿದರೆ 40 ಪೈಸೆಯ ಸಾಲು ಸೊನ್ನೆಯಾಗುತ್ತದೆ, 60 ಪೈಸೆಯದು ಒಂದು ರೂಪಾಯಿಯಾಗುತ್ತದೆ.

ಬೇಲೂರಿನ ಸ್ಟುಡಿಯೋ ಮಾಲೀಕರು: ನನ್ನದೂ ಇದೇ ಗೋಳು. ಸರ್ವರ್ ನಿಲ್ಲಿಸಿ ತಿಂಗಳಾಯಿತು, ಬಿಲ್ ಬರುತ್ತಲೇ ಇದೆ.

ಬಿಲ್ಲಿಂಗ್ ಎಂಜಿನಿಯರ್: ನಿಮ್ಮದು ಬೇರೆ ವಿಷಯ ಅಣ್ಣ. ಯಂತ್ರ ನಿಂತರೂ ಅದರ ಡಿಸ್ಕ್ ಉಳಿದಿರುತ್ತದೆ. ಸಾಮಾನ್ಯವಾಗಿ ಅದಕ್ಕೆ ಬಾಡಿಗೆ ಓಡುತ್ತಲೇ ಇರುತ್ತದೆ. ಡಿಸ್ಕಿನ ಹೆಸರು ಪ್ರತ್ಯೇಕ ಸಾಲಿನಲ್ಲಿ ಇದೆಯೇ ನೋಡಿ. ಫೋಟೋಗಳು ಬೇಡವಾಗಿದ್ದರೆ ಮಾತ್ರ ಅಳಿಸಿ.

ಪ್ರಶ್ನೆ ಕೇಳಿದವರು: ಎರಡು ಸಾಲು ಮಾಡಿ ನೋಡಿದೆ. 500 ಜಿಬಿಯ ಸಾಲು "ಜೂನ್ 10"ಕ್ಕೇ ಶುರುವಾಗಿದೆ. ಅವರು 11ರ ಬೆಳಗಿನ ಜಾವ ಸೇರಿಸಿದ್ದಂತೆ.

ಬಿಲ್ಲಿಂಗ್ ಎಂಜಿನಿಯರ್: ನಿಮ್ಮ ದಾಖಲೆಗಳು ಯುಟಿಸಿ ಸಮಯದಲ್ಲಿವೆ. ನಮ್ಮ ಮಧ್ಯರಾತ್ರಿ ಅಲ್ಲಿ ಹಿಂದಿನ ಸಂಜೆ 18:30, ಅಂದರೆ ಒಂದು ಗಂಟೆಯ ದಾಖಲೆಯ ನಟ್ಟನಡುವೆ. ಗಂಟೆಯ ಮೊತ್ತವನ್ನು ಮತ್ತೆ ಒಡೆಯಲಾಗದು. ಮುಂದೆ 30 ನಿಮಿಷಕ್ಕೊಮ್ಮೆ ಅಳೆಯಿರಿ. ಅಲ್ಲಿಯವರೆಗೆ ಬಿಲ್ಲಿನ ತಲೆಯಲ್ಲೇ "ದಿನಾಂಕಗಳು ಯುಟಿಸಿಯಲ್ಲಿ" ಎಂದು ಮುದ್ರಿಸಿ.

ತೆರಿಗೆ ಸಲಹೆಗಾರರು: ಕಾಫಿ ವ್ಯಾಪಾರಿಗೆ ಯುಟಿಸಿ ಅರ್ಥವಾಗುತ್ತದೆಯೇ? ನನಗೆ ಒಪ್ಪಿಗೆಯಿಲ್ಲ.

ಪ್ರಶ್ನೆ ಕೇಳಿದವರು: ನನಗೂ ಅನುಮಾನವೇ. ಈ ತಿಂಗಳು ಅವರಿಗೆ ಫೋನಿನಲ್ಲಿ ವಿವರಿಸುತ್ತೇನೆ. ಆ ₹2.40 ಹೆಚ್ಚುವರಿಯಾಗಿ ಕೇಳುವುದಿಲ್ಲ.