ಸಹಾಯ ಬೇಕು: ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ನ ಬಯಾಸ್ ಸರಿಯಾಗ್ತಿಲ್ಲ

ಎಲ್ಲರಿಗೂ ನಮಸ್ಕಾರ. 12 ವೋಲ್ಟ್ ಸಪ್ಲೈಗೆ ಎನ್‌ಪಿಎನ್ ಟ್ರಾನ್ಸಿಸ್ಟರ್‌ನ ಆಂಪ್ಲಿಫೈಯರ್ ಕಟ್ಟಿದ್ದೇನೆ. ಬೇಸ್‌ಗೆ ಮೇಲೆ 47 ಕಿಲೋ ಓಮ್, ಕೆಳಗೆ 10 ಕಿಲೋ ಓಮ್. ಎಮಿಟರ್‌ಗೆ 1 ಕಿಲೋ ಓಮ್, ಕಲೆಕ್ಟರ್‌ಗೆ 10 ಕಿಲೋ ಓಮ್. ಗೇನ್ ಜಾಸ್ತಿ ಸಿಗಲಿ ಅಂತ ಕಲೆಕ್ಟರ್‌ಗೆ ಸುಮ್ನೆ ದೊಡ್ಡದು ಹಾಕಿದೆ.

ಔಟ್‌ಪುಟ್ ಪೂರ್ತಿ ವಿಕಾರವಾಗಿ ಬರ್ತಿದೆ. ಸಿಗ್ನಲ್ ತೆಗೆದು ಅಳೆದರೆ ಎಮಿಟರ್ 1.1 ವೋಲ್ಟ್, ಕಲೆಕ್ಟರ್ 1.2 ವೋಲ್ಟ್. ಅಂದ್ರೆ ಸ್ಯಾಚುರೇಶನ್, ಅಲ್ವಾ? ಲೆಕ್ಕದ ಪ್ರಕಾರ ಬೇಸ್ 2.1, ಎಮಿಟರ್ 1.4 ವೋಲ್ಟ್, ಕರೆಂಟ್ 1.4 ಮಿಲಿಆಂಪಿಯರ್. ಅಷ್ಟು ಕರೆಂಟ್‌ಗೆ 10 ಕಿಲೋ ಓಮ್‌ನಲ್ಲಿ 14 ವೋಲ್ಟ್ ಬೀಳಬೇಕು. ಇರೋದೇ 12!

3.9 ಕಿಲೋ ಓಮ್ ಹಾಕಿದರೆ ಕಲೆಕ್ಟರ್ ಸುಮಾರು 6.5 ವೋಲ್ಟ್‌ಗೆ ಬರುತ್ತದೆ, ಮೇಲಕ್ಕೂ ಕೆಳಕ್ಕೂ ಹೆಚ್ಚುಕಮ್ಮಿ ಸಮ ಜಾಗ. ಆದರೆ ಮುಂದೆ ಕಪಾಸಿಟರ್ ಮೂಲಕ 10 ಕಿಲೋ ಓಮ್ ಲೋಡ್ ಇದೆ. ಅದನ್ನೂ ಸೇರಿಸಿದರೆ ಆಪರೇಟಿಂಗ್ ಪಾಯಿಂಟ್ ಎಲ್ಲಿಡಬೇಕು?