ಪದಚರ್ಚೆ: ‘ಜ್ವರ ಇಳಿದಿದೆ’ ಎನ್ನಬೇಕೋ, ‘ಇಳಿಯುತ್ತಿದೆ’ ಎನ್ನಬೇಕೋ?

ಬಳಗದವರಿಗೆ ನಮಸ್ಕಾರ.

ತಂಗಿ ತನ್ನ ನಾಲ್ಕು ವರ್ಷದ ಮಗನ ಜ್ವರ ನೋಡಿ, ಪಾದರಸದ ಥರ್ಮಾಮೀಟರಿನ ಮೂರು ಫೋಟೋ ಕಳಿಸಿದ್ದಾಳೆ. ವೈದ್ಯರಿಗೆ ಕೊಡಲು ಅದನ್ನು ಎರಡು ಸಾಲಿನಲ್ಲಿ ಬರೆದುಕೊಡು ಎಂದಿದ್ದಾಳೆ. ಸಂಜೆ 7ರ ಫೋಟೋದಲ್ಲಿ ಪಾದರಸದ ತುದಿ 39.1 ಸೆಲ್ಸಿಯಸ್‌ನಲ್ಲಿದೆ. ರಾತ್ರಿ 11ರಲ್ಲೂ ಅದೇ 39.1. ಮರುದಿನ ಬೆಳಿಗ್ಗೆ 7ರದು ಬೇರೆ ಥರ್ಮಾಮೀಟರ್, ಫ್ಯಾರನ್‌ಹೀಟ್ ಗುರುತಿನದು; ತುದಿ 101 ದಾಟಿ ಎರಡನೆಯ ಸಣ್ಣ ಗೆರೆಯ ಮೇಲೆ ನಿಂತಿದೆ. ನಾನು 101.2 ಎಂದು ಓದಿ, ‘ರಾತ್ರಿಯವರೆಗೆ ಜ್ವರ ಹಾಗೆಯೇ ಇತ್ತು, ಈಗ ಇಳಿಯುತ್ತಿದೆ’ ಎಂದು ಬರೆದೆ. ‘ಇಳಿದಿದೆ’ ಎಂದರೆ ಸರಿಯೇ, ‘ಇಳಿಯುತ್ತಿದೆ’ ಎಂದರೆ ಸರಿಯೇ? ಎಷ್ಟು ಡಿಗ್ರಿ ಇಳಿಯಿತು ಎಂಬುದನ್ನು ಫ್ಯಾರನ್‌ಹೀಟ್‌ನಲ್ಲಿ ಹೇಳುವುದು ಹೇಗೆ?

ಮೊದಲ ಉತ್ತರ ಗಣಿತದ ಮೇಷ್ಟ್ರೊಬ್ಬರದು:

‘ಲೆಕ್ಕ ಸುಲಭ. ಸೆಲ್ಸಿಯಸ್ ಅನ್ನು 1.8ರಿಂದ ಗುಣಿಸಿ 32 ಕೂಡಿಸಿ. 39.1 ಎಂದರೆ 102.4. ಇಳಿದದ್ದು ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್, ಅದಕ್ಕೂ ಇದೇ ಸೂತ್ರ: 0.9ಕ್ಕೆ 32 ಸೇರಿಸಿ 32.9.’

ಮಗುವಿನ ಜ್ವರ ಒಂದೇ ರಾತ್ರಿಯಲ್ಲಿ ಮೂವತ್ತಮೂರು ಡಿಗ್ರಿ ಇಳಿಯುವುದು ಸಾಧ್ಯವೇ ಇಲ್ಲ. ಎಡವಟ್ಟಾದದ್ದು ಎಲ್ಲಿ ಎಂದು ತೋರಿಸಿದವರು ಬಹಳ ವರ್ಷ ದಾದಿಯಾಗಿ ದುಡಿದು ನಿವೃತ್ತರಾದ ಹಿರಿಯರು:

‘ಮೇಷ್ಟ್ರೇ, ಕನ್ನಡವೇ ಇದನ್ನು ಬಿಡಿಸಿಕೊಡುತ್ತದೆ. “38 ಡಿಗ್ರಿಗೆ ಇಳಿಯಿತು” ಎಂದಾಗ “ಗೆ” ಒಂದು ಜಾಗವನ್ನು ತೋರಿಸುತ್ತದೆ, ಅಲ್ಲಿ 32 ಬೇಕು. “ಅರ್ಧ ಡಿಗ್ರಿ ಇಳಿಯಿತು” ಎಂದಾಗ ಅದು ಎರಡು ಜಾಗಗಳ ನಡುವಿನ ಅಂತರ. ಆ ಎರಡರಲ್ಲೂ ಇರುವ 32 ಕಳೆಯುವಾಗ ಬಿದ್ದುಹೋಗುತ್ತದೆ. ಅಂತರವನ್ನು 1.8ರಿಂದ ಗುಣಿಸಿದರೆ ಸಾಕು.

ಈಗ ನಿಮ್ಮ ಓದು ನೋಡೋಣ, ತಾಯಿ. ಸೆಲ್ಸಿಯಸ್ ಕಡ್ಡಿಯಲ್ಲಿ ಸಾಮಾನ್ಯವಾಗಿ ಒಂದು ಡಿಗ್ರಿಗೆ ಹತ್ತು ಮನೆ, ಒಂದೊಂದು ಗೆರೆ 0.1. ಫ್ಯಾರನ್‌ಹೀಟ್ ಕಡ್ಡಿಯಲ್ಲಿ ಐದೇ ಮನೆ, ಒಂದೊಂದು ಗೆರೆ 0.2. ಎರಡನೆಯ ಗೆರೆ ಎಂದರೆ 101.4. ಅದರಿಂದ 32 ಕಳೆದು 1.8ರಿಂದ ಭಾಗಿಸಿದರೆ ಸುಮಾರು 38.6 ಸೆಲ್ಸಿಯಸ್. ಇಳಿದದ್ದು ಅರ್ಧ ಡಿಗ್ರಿ ಸೆಲ್ಸಿಯಸ್, ಅಥವಾ ಹೆಚ್ಚುಕಡಿಮೆ ಒಂದು ಡಿಗ್ರಿ ಫ್ಯಾರನ್‌ಹೀಟ್.

ನನಗೆ ಅನುಮಾನ ಇರುವುದು ರಾತ್ರಿಯ ಫೋಟೋದ ಮೇಲೆ. ಬುರುಡೆಯ ಮೇಲ್ಗಡೆ ಕೊಳವೆ ಸಣ್ಣದಾಗಿ ಬಿಗಿದಿರುತ್ತದೆ, ಏರಿದ ಪಾದರಸ ತಾನಾಗಿ ಕೆಳಗೆ ಬರುವುದಿಲ್ಲ. ಕೊಡವಿ 35ರ ಹತ್ತಿರಕ್ಕೆ ಇಳಿಸದೆ ಮತ್ತೆ ಇಟ್ಟರೆ ಸಂಜೆಯ 39.1 ಅಲ್ಲಿಯೇ ಕಾದಿರುತ್ತದೆ. ನಿಮ್ಮ ತಂಗಿಯನ್ನು ಕೇಳಿ. ಕೊಡವಿರಲಿಲ್ಲವಾದರೆ ಆ ಫೋಟೋ ಹೇಳುವುದು “ರಾತ್ರಿ 39.1ಕ್ಕಿಂತ ಹೆಚ್ಚು ಕಾಣಿಸಲಿಲ್ಲ” ಎಂದಷ್ಟೇ. “ಹಾಗೆಯೇ ಇತ್ತು” ಎನ್ನಲು ಬರುವುದಿಲ್ಲ.’

ಕೇಳಿದೆ. ಕೊಡವಿರಲಿಲ್ಲ! ನಿದ್ದೆಗಣ್ಣಿನಲ್ಲಿ ಮರೆತಳಂತೆ. ಅವಳನ್ನು ಹೇಗೆ ದೂರಲಿ, ಅಂಥ ಹೊತ್ತಿನಲ್ಲಿ ನಾನೂ ಮರೆಯುತ್ತಿದ್ದೆ.

ನಡುವೆ ಮತ್ತೊಬ್ಬರು, ‘ಥರ್ಮಾಮೀಟರ್ ಎನ್ನುವುದೇಕೆ, ಉಷ್ಣಮಾಪಕ ಎನ್ನಿ. ನಮ್ಮ ಮನೆಯಲ್ಲಿ ಡಿಜಿಟಲ್ ಇದೆ, ಅದು ತಾನೇ ಸೊನ್ನೆಗೆ ಬರುತ್ತದೆ’ ಎಂದು ಬರೆದರು. ಉಷ್ಣಮಾಪಕ ಒಳ್ಳೆಯ ಪದವೇ, ಆದರೆ ನಾನು ಕೇಳಿದ್ದು ಅದನ್ನಲ್ಲ.

ಕ್ರಿಯಾಪದದ ಬಗ್ಗೆ ದಾದಿಯಮ್ಮ ಮತ್ತೆ ಬರೆದರು: ‘ರಾತ್ರಿಯದನ್ನು ಬಿಟ್ಟರೆ ನಿಮ್ಮ ಕೈಯಲ್ಲಿ ಉಳಿಯುವುದು ಎರಡೇ ಓದು. ಎರಡರಿಂದ “ಇಳಿದಿದೆ” ಎನ್ನಬಹುದು. “ಇಳಿಯುತ್ತಿದೆ” ಎಂದರೆ ಇನ್ನೂ ಇಳಿಯುತ್ತ ಹೋಗುತ್ತದೆ ಎಂದು ಓದುವವರಿಗೆ ಅನ್ನಿಸುತ್ತದೆ. ಮೈಯ ಬಿಸಿ ಸಾಮಾನ್ಯವಾಗಿ ಬೆಳಿಗ್ಗೆ ಕಡಿಮೆ, ಸಂಜೆ ಹೆಚ್ಚು. ಅರ್ಧ ಡಿಗ್ರಿ ಅದರಿಂದಲೇ ಬಂದಿರಬಹುದು. ಪ್ಯಾರಾಸಿಟಮಾಲ್ ಕೊಟ್ಟ ಹೊತ್ತು ಗೊತ್ತಿಲ್ಲ, ಒಂದು ಸಲ ಬಾಯಲ್ಲಿ ಮತ್ತೊಂದು ಸಲ ಕಂಕುಳಲ್ಲಿ ಇಟ್ಟಿದ್ದರೆ ಅದೂ ವ್ಯತ್ಯಾಸ ತರುತ್ತದೆ. ಇವತ್ತು ಸಂಜೆ 7ಕ್ಕೆ ಅದೇ ಕಡ್ಡಿ, ಅದೇ ಜಾಗ. ತುದಿಗೆ ನೇರವಾಗಿ ಕ್ಯಾಮೆರಾ ಹಿಡಿದು ತೆಗೆಯಲಿ. ಓರೆಯಾಗಿ ತೆಗೆದರೆ ಒಂದೆರಡು ಗೆರೆ ತಪ್ಪಿ ಕಾಣುತ್ತದೆ. ಸಂಜೆಗೆ ಸಂಜೆ ಹೋಲಿಸಿ ಆಮೇಲೆ ಪದ ಆರಿಸಿ. ಇನ್ನು “ಜ್ವರ ಬಿಟ್ಟಿದೆ” ಎನ್ನುವುದು ಮೈ ಮಾಮೂಲಿಗೆ ಬಂದು ಅಲ್ಲಿಯೇ ನಿಂತಾಗ.’

ಮೇಷ್ಟ್ರು 32ನ್ನು ಒಪ್ಪಿಕೊಂಡರು, ಆದರೆ ‘ಇಳಿಯುತ್ತಿದೆ’ಯಲ್ಲಿ ಮುಂದಿನ ಭರವಸೆಯೇನೂ ಇಲ್ಲ, ಅದು ಬರಿಯ ವರ್ತಮಾನ ಎಂದು ಪಟ್ಟು ಹಿಡಿದಿದ್ದಾರೆ. ‘ಮಳೆ ಕಡಿಮೆಯಾಗುತ್ತಿದೆ’ ಎಂದು ನಾವು ಹೇಳುವುದಿಲ್ಲವೇ ಎನ್ನುತ್ತಾರೆ. ಮಳೆಯನ್ನು ಕಣ್ಣಾರೆ ನೋಡುತ್ತ ಹೇಳುತ್ತೇವೆ, ಜ್ವರವನ್ನು ಹನ್ನೆರಡು ಗಂಟೆಗಳ ಅಂತರದ ಎರಡು ಫೋಟೋಗಳಿಂದ ಹೇಳುತ್ತಿದ್ದೇವೆ ಎಂಬುದು ನನ್ನ ಉತ್ತರ. ಅವರು ಇನ್ನೂ ಒಪ್ಪಿಲ್ಲ.

ವೈದ್ಯರಿಗೆ ಕಳಿಸಿದ ಸಾಲು ಹೀಗಿದೆ: ‘ಸಂಜೆ 7ಕ್ಕೆ 39.1 ಸೆಲ್ಸಿಯಸ್ (102.4 ಫ್ಯಾರನ್‌ಹೀಟ್). ಬೆಳಿಗ್ಗೆ 7ಕ್ಕೆ ಬೇರೆ ಥರ್ಮಾಮೀಟರಿನಲ್ಲಿ 101.4 ಫ್ಯಾರನ್‌ಹೀಟ್ (38.6 ಸೆಲ್ಸಿಯಸ್). ರಾತ್ರಿ 11ರ ಓದು ಪಾದರಸ ಕೊಡವದೆ ತೆಗೆದದ್ದು.’ ಇಳಿದಿದೆ, ಇಳಿಯುತ್ತಿದೆ ಎರಡನ್ನೂ ಬಿಟ್ಟಿದ್ದೇನೆ.